ಎದೆನೋವಿಗೆ ಸಿಟಿ ಆಂಜಿಯೋಗ್ರಾಮ್ ಸಾಕೇ, ಕ್ಯಾತಿಟರ್ ಆಂಜಿಯೋಗ್ರಾಮ್ ಬೇಕೇ?

ಸಿಟಿ ಆಂಜಿಯೋಗ್ರಾಮ್ ಕೊಡಬಲ್ಲ ಅತ್ಯಂತ ಗಟ್ಟಿಯಾದ ಉತ್ತರ "ಇಲ್ಲ" ಎಂಬುದು. ಚಿತ್ರ ಚೆನ್ನಾಗಿ ಬಂದಿದ್ದು, ಹೃದಯದ ರಕ್ತನಾಳಗಳಲ್ಲಿ ಗಮನಾರ್ಹ ಬ್ಲಾಕ್ ಇಲ್ಲ ಎಂದು ಅದು ಹೇಳಿದರೆ, ಆ ಮಾತು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸಲ ನಿಜವಾಗಿರುತ್ತದೆ. "ಇದೆ" ಎಂದಾಗ ಅದರ ಮಾತಿಗೆ ಅಷ್ಟು ತೂಕವಿಲ್ಲ. ಇರುವ ಬ್ಲಾಕನ್ನು ಅದು ದೊಡ್ಡದು ಮಾಡಿ ತೋರಿಸುವುದುಂಟು. ಕೈಯ ಅಥವಾ ತೊಡೆಯ ರಕ್ತನಾಳದಿಂದ ಕೊಳವೆ ಹಾಯಿಸಿ ಮಾಡುವ ಕ್ಯಾತಿಟರ್ ಆಂಜಿಯೋಗ್ರಾಮ್ ಎರಡೂ ಬಗೆಯ ಉತ್ತರವನ್ನು ಸಾಕಷ್ಟು ಖಚಿತವಾಗಿ ಹೇಳುತ್ತದೆ, ಅಗತ್ಯವಿದ್ದರೆ ಅದೇ ಮೇಜಿನ ಮೇಲೆ ಸ್ಟೆಂಟ್ ಹಾಕಲೂ ದಾರಿ ಮಾಡಿಕೊಡುತ್ತದೆ. ಆದರೆ ಅದಕ್ಕಾಗಿ ದೇಹದೊಳಗೆ ಕೈಹಾಕಬೇಕು.

ಎರಡರ ನಡುವೆ ಆಯ್ಕೆ ಮಾಡುವಾಗ "ಯಾವುದು ಒಳ್ಳೆಯ ಪರೀಕ್ಷೆ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ರೋಗಿಯಲ್ಲಿ "ಇಲ್ಲ" ಎಂಬ ಉತ್ತರ ಬರುವ ಸಾಧ್ಯತೆ ಎಷ್ಟು, ಬಂದರೆ ಅದರಿಂದ ಏನು ಬದಲಾಗುತ್ತದೆ ಎಂದು ಕೇಳಬೇಕು.

ಇಲ್ಲಿ ಹೇಳುವುದೆಲ್ಲ ಒಂದು ಬಗೆಯ ರೋಗಿಗಳ ಬಗ್ಗೆ ಮಾತ್ರ: ಹಿಂದೆ ಹೃದಯಾಘಾತವಾಗಿಲ್ಲದ, ಸ್ಟೆಂಟ್ ಹಾಕಿಸಿಕೊಂಡಿಲ್ಲದ, ಕೆಲವು ವಾರ ಅಥವಾ ತಿಂಗಳಿಂದ ಹೆಚ್ಚುಕಡಿಮೆ ಒಂದೇ ತೆರನಾಗಿ ಬಂದು ಹೋಗುವ ಎದೆನೋವು ಇರುವವರು. ಕುಳಿತಲ್ಲೇ ಎದೆ ಹಿಂಡಿದಂತಾಗಿ ಹದಿನೈದು ಇಪ್ಪತ್ತು ನಿಮಿಷ ಬಿಡದಿದ್ದರೆ, ಬೆವರು, ವಾಂತಿ, ಉಸಿರಾಟದ ಕಷ್ಟ ಜೊತೆಗಿದ್ದರೆ ಯಾವ ಹೋಲಿಕೆಯನ್ನೂ ಓದುತ್ತ ಕೂರಬಾರದು, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಾಗಿ ಕಂಡರೆ ಸಿಟಿಯ ಮಾತೇ ಬರುವುದಿಲ್ಲ. ಆಗ ಕ್ಯಾತಿಟರ್ ಪರೀಕ್ಷೆ ನಡೆಯುವ ಕ್ಯಾಥ್ ಲ್ಯಾಬ್‌ಗೆ ಎಷ್ಟು ಬೇಗ ತಲುಪುತ್ತಾರೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಎರಡು ಚಿತ್ರಗಳು, ಎರಡು ನೋಟ

ಕ್ಯಾತಿಟರ್ ಆಂಜಿಯೋಗ್ರಾಮ್‌ನಲ್ಲಿ ಸಾಮಾನ್ಯವಾಗಿ ಮಣಿಕಟ್ಟಿನ ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಲಿನ ಅಪಧಮನಿಯ ಮೂಲಕ ಸುಮಾರು ಎರಡು ಮಿಲಿಮೀಟರ್ ದಪ್ಪದ ಕೊಳವೆಯನ್ನು ಹೃದಯದ ಬುಡದವರೆಗೆ ತಳ್ಳುತ್ತಾರೆ. ಅಲ್ಲಿ ಹೃದಯಕ್ಕೇ ರಕ್ತ ಒದಗಿಸುವ ನಾಳಗಳ ಬಾಯಿಗೆ ಕೊಳವೆಯ ತುದಿಯನ್ನು ಕೂರಿಸಿ, ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವ ಬಿಡುತ್ತಾರೆ. ಎಕ್ಸ್‌ರೇ ಕ್ಯಾಮೆರಾ ಬೇರೆ ಬೇರೆ ಕೋನಗಳಿಂದ ಅದರ ಚಲಿಸುವ ಚಿತ್ರ ತೆಗೆಯುತ್ತದೆ. ಈ ವಿಧಾನ ಹುಟ್ಟಿದ್ದೇ ಆಕಸ್ಮಿಕವಾಗಿ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಮಹಾಪಧಮನಿಗೆ ಬಿಡಬೇಕಿದ್ದ ದ್ರವ, ಕೊಳವೆಯ ತುದಿ ಜಾರಿದ್ದರಿಂದ, ರೋಗಿಯ ಬಲ ಹೃದಯನಾಳಕ್ಕೆ ನುಗ್ಗಿತು. ಹಾಗಾದರೆ ಸಾವು ಖಚಿತ ಎಂದು ಆಗ ನಂಬಿದ್ದರು. ಹೃದಯ ಕೆಲವು ಕ್ಷಣ ನಿಂತಿತು. ಸೋನ್ಸ್ ಕೆಮ್ಮಲು ಕೂಗಿ ಹೇಳಿದರು, ರೋಗಿ ಕೆಮ್ಮಿದರು, ಹೃದಯ ಮತ್ತೆ ಬಡಿಯಿತು.

ಸಿಟಿ ಆಂಜಿಯೋಗ್ರಾಮ್‌ನಲ್ಲಿ ಮೊಣಕೈ ಮಡಿಲಿನ ಸಾಮಾನ್ಯ ರಕ್ತನಾಳಕ್ಕೆ ಸೂಜಿ ಹಾಕಿ, ಸೆಕೆಂಡಿಗೆ ಐದು ಮಿಲಿಲೀಟರ್‌ನಷ್ಟು ವೇಗದಲ್ಲಿ ಒಟ್ಟು ಅರವತ್ತರಿಂದ ಎಂಬತ್ತು ಮಿಲಿಲೀಟರ್ ಕಾಂಟ್ರಾಸ್ಟ್ ದ್ರವವನ್ನು ಒಳಗೆ ಬಿಡುತ್ತಾರೆ. ಮೈಯೆಲ್ಲ ಬಿಸಿಯಾದಂತೆ ಅನಿಸುತ್ತದೆ, ಕೆಲವರಿಗೆ ಮೂತ್ರವೇ ಹೋಯಿತೇನೋ ಎಂಬಂತೆ. ಅದು ಒಂದು ನಿಮಿಷದಲ್ಲಿ ಇಳಿಯುತ್ತದೆ. ದ್ರವ ಹೃದಯದ ನಾಳಗಳನ್ನು ತುಂಬುವ ಹೊತ್ತಿಗೆ ಸರಿಯಾಗಿ ಉಸಿರು ಹಿಡಿಯಲು ಹೇಳಿ, ಇಸಿಜಿಯ ತಾಳಕ್ಕೆ ಹೊಂದಿಸಿ, ಎರಡು ಬಡಿತಗಳ ನಡುವೆ ಹೃದಯ ಹೆಚ್ಚುಕಡಿಮೆ ನಿಶ್ಚಲವಾಗಿರುವ ಗಳಿಗೆಯ ಚಿತ್ರವನ್ನು ಯಂತ್ರ ಹಿಡಿಯುತ್ತದೆ. ಯಂತ್ರದ ನಿಜವಾದ ಕೆಲಸ ಕೆಲವೇ ಸೆಕೆಂಡು. ತಯಾರಿಗೆ ಒಂದೆರಡು ಗಂಟೆ.

ಚಿತ್ರದ ಸೂಕ್ಷ್ಮತೆಯಲ್ಲಿ ಕ್ಯಾತಿಟರ್ ಚಿತ್ರವೇ ಮೇಲು. ಸಾಮಾನ್ಯ ಸಿಟಿ ಯಂತ್ರ ಸುಮಾರು ಅರ್ಧ ಮಿಲಿಮೀಟರ್‌ನಷ್ಟು ಸಣ್ಣದನ್ನು ಬೇರ್ಪಡಿಸಿ ತೋರಿಸಿದರೆ, ಕ್ಯಾತಿಟರ್ ಚಿತ್ರ ಅದಕ್ಕಿಂತ ಹಲವು ಪಟ್ಟು ಸಣ್ಣದನ್ನು ತೋರಿಸುತ್ತದೆ. ಹೃದಯದ ನಾಳವೇ ಮೂರು ನಾಲ್ಕು ಮಿಲಿಮೀಟರ್ ಅಗಲ ಎಂಬುದನ್ನು ನೆನೆದರೆ ಈ ಅಂತರ ಸಣ್ಣದಲ್ಲ.

ಆದರೆ ಸೂಕ್ಷ್ಮತೆಯೇ ಎಲ್ಲವೂ ಅಲ್ಲ. ಕ್ಯಾತಿಟರ್ ಚಿತ್ರದಲ್ಲಿ ಕಾಣುವುದು ನಾಳದೊಳಗೆ ಹರಿಯುವ ದ್ರವದ ನೆರಳು ಮಾತ್ರ. ಹರಿಯುವ ನೀರನ್ನಷ್ಟೇ ನೋಡಿ ಕಾಲುವೆಯ ದಂಡೆ ಹೇಗಿದೆ ಎಂದು ಊಹಿಸಿದಂತೆ ಅದು. ಕೊಬ್ಬಿನ ಪದರ ನಾಳದ ಗೋಡೆಯೊಳಗೆ ಬೆಳೆಯುವಾಗ ಮೊದಮೊದಲು ಗೋಡೆ ಹೊರಕ್ಕೆ ಉಬ್ಬುತ್ತದೆ, ಒಳಗಿನ ದಾರಿ ಕಿರಿದಾಗುವುದಿಲ್ಲ. ಆ ಹಂತದಲ್ಲಿ ಕ್ಯಾತಿಟರ್ ಚಿತ್ರ "ನಾಳ ಸರಿಯಾಗಿದೆ" ಎಂದು ಹೇಳಿಬಿಡಬಹುದು. ಸಿಟಿಗೆ ಗೋಡೆಯೂ ಕಾಣುತ್ತದೆ. ಸುಣ್ಣ ಸೇರಿದ ಪದರ ಯಾವುದು, ಮೆತ್ತನೆಯ ಕೊಬ್ಬಿನ ಪದರ ಯಾವುದು ಎಂದೂ ಸುಮಾರಾಗಿ ಹೇಳಬಹುದು. ಹೃದಯಾಘಾತಗಳಲ್ಲಿ ಅನೇಕವು ಹಿಂದಿನ ದಿನದವರೆಗೂ ದಾರಿಯನ್ನು ಅಷ್ಟಾಗಿ ಕಿರಿದುಗೊಳಿಸದ ಇಂತಹ ಪದರ ಒಡೆದೇ ಆಗುವುದರಿಂದ, ಗೋಡೆಯನ್ನು ನೋಡುವುದು ಬರಿಯ ಕುತೂಹಲದ ವಿಷಯವಲ್ಲ.

ಸ್ಕಾಟ್ಲೆಂಡ್‌ನಲ್ಲಿ 4146 ಮಂದಿಯ ಮೇಲೆ ನಡೆದ ಸ್ಕಾಟ್-ಹಾರ್ಟ್ ಅಧ್ಯಯನದಲ್ಲಿ ಇದರ ಫಲ ಕಂಡಿತು. ಎಂದಿನ ತಪಾಸಣೆಯ ಜೊತೆ ಸಿಟಿಯನ್ನೂ ಮಾಡಿಸಿಕೊಂಡವರಲ್ಲಿ ಐದು ವರ್ಷದೊಳಗೆ ಹೃದಯಾಘಾತ ಅಥವಾ ಹೃದಯನಾಳದ ಕಾಯಿಲೆಯಿಂದ ಸಾವು ಶೇಕಡಾ 2.3ರಷ್ಟು, ಸಿಟಿ ಇಲ್ಲದವರಲ್ಲಿ ಶೇಕಡಾ 3.9ರಷ್ಟು. ಐದು ವರ್ಷದ ಲೆಕ್ಕದಲ್ಲಿ ಸ್ಟೆಂಟ್‌ಗಳ ಮತ್ತು ಬೈಪಾಸ್‌ಗಳ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಗೋಡೆಯಲ್ಲಿ ಪದರ ಕಂಡವರಿಗೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ ಮತ್ತು ಆಸ್ಪಿರಿನ್ ಮೊದಲೇ ಶುರುವಾಯಿತು ಎಂಬುದೇ ಹೆಚ್ಚಿನವರು ಒಪ್ಪುವ ವಿವರಣೆ. ಚಿತ್ರ ಯಾರನ್ನೂ ಗುಣಪಡಿಸಲಿಲ್ಲ, ಮಾತ್ರೆ ಬರೆಯುವವರ ಅನುಮಾನವನ್ನು ತೊಡೆಯಿತು.

ಆಯ್ಕೆ ಹೇಗೆ

ವೈದ್ಯರು ಮೊದಲು ಅಂದಾಜು ಮಾಡುವುದು ಈ ನೋವಿಗೆ ನಾಳದ ಬ್ಲಾಕೇ ಕಾರಣವಾಗಿರುವ ಸಾಧ್ಯತೆ ಎಷ್ಟು ಎಂಬುದನ್ನು. ಎದೆಯ ನಡುವೆ ಒತ್ತಿದಂತೆ ಅಥವಾ ಹಿಂಡಿದಂತೆ ಆಗುತ್ತದೆಯೇ, ನಡೆದಾಗ ಮೆಟ್ಟಿಲೇರಿದಾಗ ಬರುತ್ತದೆಯೇ, ನಿಂತರೆ ಅಥವಾ ನಾಲಿಗೆಯಡಿ ಮಾತ್ರೆ ಇಟ್ಟರೆ ಐದು ನಿಮಿಷದೊಳಗೆ ಹೋಗುತ್ತದೆಯೇ? ಮೂರಕ್ಕೂ ಹೌದು ಎಂದರೆ ಅನುಮಾನ ಬಲವಾಗುತ್ತದೆ. ಎರಡಕ್ಕೆ ಮಾತ್ರ ಹೌದು ಎಂದರೆ ನಡುವಿನ ಸ್ಥಿತಿ, ಒಂದಕ್ಕೆ ಮಾತ್ರ ಅಥವಾ ಯಾವುದಕ್ಕೂ ಅಲ್ಲ ಎಂದರೆ ಅನುಮಾನ ಕಡಿಮೆ. ವಯಸ್ಸು, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದ್ರೋಗ ಬಂದವರು ಇದ್ದಾರೆಯೇ ಎಂಬುದು ಈ ಅಂದಾಜನ್ನು ಮೇಲೆ ಕೆಳಗೆ ಮಾಡುತ್ತವೆ.

ಬೆರಳಿನಿಂದ ಒತ್ತಿದರೆ ನೋಯುವ, ತಿರುಗಿದರೆ ಚುಚ್ಚುವ ನೋವು ಮಾತ್ರ ಇರುವ ಯುವಕನಿಗೆ ಬಹಳ ಸಲ ಎರಡೂ ಬೇಡ. ಸ್ವಲ್ಪ ನಡೆದರೂ ಹಿಡಿದುಕೊಳ್ಳುವ, ಮಾತ್ರೆ ಕೊಟ್ಟರೂ ಜಗ್ಗದ, ಎಕೋದಲ್ಲಿ ಹೃದಯದ ಶಕ್ತಿ ತಗ್ಗಿರುವ ವ್ಯಕ್ತಿಗೆ ನೇರವಾಗಿ ಕ್ಯಾತಿಟರ್ ಆಂಜಿಯೋಗ್ರಾಮ್ ಮಾಡುವುದೇ ಸರಿ. ಅವರಲ್ಲಿ ಸಿಟಿ "ಇಲ್ಲ" ಎನ್ನುವ ಸಂಭವ ಕಡಿಮೆ. "ಇದೆ" ಎಂದರೆ ಹೇಗೂ ಮತ್ತೆ ಕ್ಯಾಥ್ ಲ್ಯಾಬ್‌ಗೆ ಹೋಗಬೇಕು, ಎರಡು ಸಲ ಕಾಂಟ್ರಾಸ್ಟ್, ಎರಡು ಸಲ ವಿಕಿರಣ. ಈ ಎರಡು ತುದಿಗಳ ನಡುವೆ ಇರುವ ದೊಡ್ಡ ಗುಂಪಿಗೆ ಸಿಟಿ ಮೊದಲ ಪರೀಕ್ಷೆಯಾಗಿ ಚೆನ್ನಾಗಿ ಹೊಂದುತ್ತದೆ.

ಈ ನಡುವಿನ ಗುಂಪನ್ನೇ ತೆಗೆದುಕೊಂಡು ಯುರೋಪಿನ 26 ಕೇಂದ್ರಗಳಲ್ಲಿ ಡಿಸ್‌ಚಾರ್ಜ್ ಎಂಬ ಅಧ್ಯಯನ ನಡೆಯಿತು, ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕ್ಯಾತಿಟರ್ ಆಂಜಿಯೋಗ್ರಾಮ್‌ಗೆ ಕಳುಹಿಸಲಾಗಿದ್ದ 3561 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸಿಟಿ, ಇನ್ನೊಂದಕ್ಕೆ ಕ್ಯಾತಿಟರ್ ಪರೀಕ್ಷೆ ಮಾಡಿದರು. ಮೂರೂವರೆ ವರ್ಷದ ನಂತರ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಸಿಟಿಯವರಲ್ಲಿ ಶೇಕಡಾ 2.1, ಕ್ಯಾತಿಟರ್‌ನವರಲ್ಲಿ ಶೇಕಡಾ 3.0. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಆದ್ದರಿಂದ ಸಿಟಿ ಹೆಚ್ಚು ಜೀವ ಉಳಿಸಿತು ಎಂದು ಹೇಳುವಂತಿಲ್ಲ. ಆದರೆ ಪರೀಕ್ಷೆ ಮತ್ತು ಅದರ ಬೆನ್ನಿಗೆ ಬಂದ ಚಿಕಿತ್ಸೆಯಿಂದಾದ ದೊಡ್ಡ ತೊಡಕುಗಳು ಸಿಟಿಯವರಲ್ಲಿ ಶೇಕಡಾ 0.5, ಕ್ಯಾತಿಟರ್‌ನವರಲ್ಲಿ ಶೇಕಡಾ 1.9. ಸಿಟಿ ಗುಂಪಿನಲ್ಲಿ ಮುಂದೆ ಕ್ಯಾತಿಟರ್ ಪರೀಕ್ಷೆಗೆ ಹೋಗಬೇಕಾದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಉಳಿದವರು ಕೊಳವೆಯ ಗೊಡವೆಯಿಲ್ಲದೆ ಮನೆಗೆ ಹೋದರು.

ಕ್ಯಾತಿಟರ್ ಪರೀಕ್ಷೆಯನ್ನು ಭಯಾನಕ ಎಂದು ಚಿತ್ರಿಸುವುದೂ ತಪ್ಪು. ಅನುಭವಿಗಳ ಕೈಯಲ್ಲಿ ಸಾವು, ಪಾರ್ಶ್ವವಾಯು, ಹೃದಯಾಘಾತದಂತಹ ಅಪಾಯ ಸಾವಿರಕ್ಕೆ ಒಂದೆರಡರ ಆಸುಪಾಸು. ಮಣಿಕಟ್ಟಿನ ದಾರಿ ರೂಢಿಗೆ ಬಂದ ಮೇಲೆ ತೊಡೆಯಲ್ಲಿ ರಕ್ತ ಸೋರಿ ದೊಡ್ಡ ಗಡ್ಡೆ ಕಟ್ಟುವುದೂ ಕಡಿಮೆಯಾಗಿದೆ. ಅಗತ್ಯವಿರುವವರಿಗೆ ಆ ಅಪಾಯ ಏನೂ ಅಲ್ಲ. ಅಗತ್ಯವಿಲ್ಲದವರಿಗೆ ಮಾತ್ರ ಅದು ಬೇಡದ ಹೊರೆ. ವಿಕಿರಣದ ವಿಷಯದಲ್ಲಂತೂ ಎರಡೂ ಒಂದೇ ತೂಕದವು. ಈಗಿನ ಯಂತ್ರಗಳಲ್ಲಿ, ಹೃದಯ ನಿಧಾನವಾಗಿದ್ದರೆ, ಸಿಟಿಯಿಂದ ಎರಡರಿಂದ ಐದು ಮಿಲಿಸೀವರ್ಟ್. ಬಡಿತ ವೇಗವಾಗಿದ್ದು ಇಡೀ ಬಡಿತದುದ್ದಕ್ಕೂ ಚಿತ್ರ ತೆಗೆಯಬೇಕಾಗಿ ಬಂದರೆ ಹತ್ತನ್ನೂ ದಾಟಬಹುದು. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತಲೇ ಇರುತ್ತದೆ.

ಸಿಟಿ ಕೈಕೊಡುವುದು ಎಲ್ಲಿ

ಮೊದಲನೆಯ ಶತ್ರು ಸುಣ್ಣ. ವರ್ಷಗಳು ಕಳೆದಂತೆ ಕೊಬ್ಬಿನ ಪದರದೊಳಗೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಸಿಟಿ ಚಿತ್ರದಲ್ಲಿ ಈ ಬಿಳಿಯ ಚುಕ್ಕೆ ತನ್ನ ನಿಜವಾದ ಗಾತ್ರಕ್ಕಿಂತ ಉಬ್ಬಿ ಕಾಣುತ್ತದೆ, ಪಕ್ಕದ ದಾರಿಯನ್ನು ಮುಚ್ಚಿಹಾಕುತ್ತದೆ. ಶೇಕಡಾ ನಲವತ್ತರ ಬ್ಲಾಕ್ ಎಪ್ಪತ್ತರಂತೆ ಕಾಣಬಹುದು. ಅದಕ್ಕೇ ಎಷ್ಟೋ ಕೇಂದ್ರಗಳಲ್ಲಿ ಕಾಂಟ್ರಾಸ್ಟ್ ಕೊಡುವ ಮೊದಲು ಬರಿಯ ಸ್ಕ್ಯಾನ್ ಮಾಡಿ ಕ್ಯಾಲ್ಸಿಯಂ ಸ್ಕೋರ್ ಲೆಕ್ಕ ಹಾಕುತ್ತಾರೆ. ಸೊನ್ನೆ ಎಂದರೆ ಸುಣ್ಣವೇ ಇಲ್ಲ. ನಾಲ್ಕುನೂರು ದಾಟಿದರೆ ಚಿತ್ರ ಓದುವುದು ತ್ರಾಸದಾಯಕ. ಸಾವಿರದ ಮೇಲೆ ಹೋದರೆ, ನನ್ನನ್ನು ಕೇಳಿದರೆ, ಅಲ್ಲಿಗೇ ನಿಲ್ಲಿಸಿ ಬೇರೆ ದಾರಿ ಯೋಚಿಸುವುದು ಮೇಲು. ಎಪ್ಪತ್ತೈದು ದಾಟಿದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಇದನ್ನು ಮೊದಲೇ ಊಹಿಸಬಹುದು.

ಎರಡನೆಯದು ಚಲನೆ. ಬಡಿತ ನಿಮಿಷಕ್ಕೆ ಅರವತ್ತರ ಆಸುಪಾಸಿನಲ್ಲಿದ್ದರೆ ಎರಡು ಬಡಿತಗಳ ನಡುವೆ ಚಿತ್ರಕ್ಕೆ ಬೇಕಾದಷ್ಟು ಬಿಡುವು ಸಿಗುತ್ತದೆ. ಎಂಬತ್ತಿದ್ದರೆ ಆ ಬಿಡುವು ಕರಗಿಹೋಗುತ್ತದೆ. ಮೊದಲು ಮಸುಕಾಗುವುದು ಬಲ ಹೃದಯನಾಳದ ನಡುಭಾಗ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಓಡಾಡುವುದು ಅದೇ. ಆದ್ದರಿಂದಲೇ ಸ್ಕ್ಯಾನ್‌ಗೆ ಒಂದು ಗಂಟೆ ಮೊದಲು ಬಡಿತ ಇಳಿಸುವ ಮೆಟೊಪ್ರೊಲೋಲ್‌ನಂತಹ ಮಾತ್ರೆ ಕೊಡುತ್ತಾರೆ. ಆಸ್ತಮಾ ಇರುವವರು ಅದನ್ನು ಮೊದಲೇ ಹೇಳಬೇಕು, ಬೇರೆ ಮಾತ್ರೆ ಇದೆ. ಹಿಂದಿನ ದಿನದಿಂದ ಕಾಫಿ, ಚಹಾ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಏಟ್ರಿಯಲ್ ಫಿಬ್ರಿಲೇಷನ್ ಇದ್ದು ನಾಡಿಗೆ ತಾಳವೇ ಇಲ್ಲದವರಲ್ಲಿ ಹಳೆಯ ಯಂತ್ರಗಳು ಸೋಲುತ್ತವೆ, ಹೊಸವು ಎಷ್ಟೋ ಸಲ ನಿಭಾಯಿಸುತ್ತವೆ.

ಸ್ಕ್ಯಾನ್‌ಗೆ ತುಸು ಮೊದಲು ನಾಳಗಳನ್ನು ಹಿಗ್ಗಿಸಲು ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಡುತ್ತಾರೆ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ಅಥವಾ ಟಾಡಾಲಾಫಿಲ್ ತೆಗೆದುಕೊಂಡಿದ್ದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದು. ಮೊದಲನೆಯದಕ್ಕೆ ಒಂದು ದಿನ, ಎರಡನೆಯದಕ್ಕೆ ಎರಡು ದಿನ ಅಂತರ ಬೇಕು. ಹೆಂಡತಿ ಮಕ್ಕಳು ಪಕ್ಕದಲ್ಲಿ ನಿಂತಿರುವಾಗ ನರ್ಸ್ ಈ ಪ್ರಶ್ನೆ ಕೇಳಿದರೆ ಬಹಳ ಮಂದಿ ಇಲ್ಲ ಎಂದು ತಲೆಯಾಡಿಸಿಬಿಡುತ್ತಾರೆ. ಒಬ್ಬರೇ ಇರುವಾಗಲಾದರೂ ಹೇಳಿಬಿಡಿ.

ಮೂರನೆಯದು ಹಳೆಯ ಸ್ಟೆಂಟ್, ಈ ಬರಹದ ರೋಗಿಗಳಲ್ಲಿ ಅದು ಇಲ್ಲವಾದರೂ ಹೇಳಬೇಕು. ಮೂರು ಮಿಲಿಮೀಟರ್‌ಗಿಂತ ಕಿರಿದಾದ ಸ್ಟೆಂಟ್‌ನೊಳಗೆ ಏನಿದೆ ಎಂದು ಸಿಟಿಯಲ್ಲಿ ಭರವಸೆಯಿಂದ ಹೇಳಲಾಗದು. ಇನ್ನು ಕಾಂಟ್ರಾಸ್ಟ್‌ಗೆ ತೀವ್ರ ಅಲರ್ಜಿ, ತೀರಾ ಕುಗ್ಗಿದ ಮೂತ್ರಪಿಂಡ, ಇವು ಎರಡು ಪರೀಕ್ಷೆಗೂ ಅಡ್ಡಿ. "ನನಗೆ ಕಿಡ್ನಿ ತೊಂದರೆ ಇದೆ, ಅದಕ್ಕೆ ಸಿಟಿ ಬಿಟ್ಟು ಆಂಜಿಯೋಗ್ರಾಮ್ ಮಾಡಿಸುತ್ತೇನೆ" ಎಂಬುದರಲ್ಲಿ ಅರ್ಥವಿಲ್ಲ. ಅಂಥವರಿಗೆ ಹೃದಯಕ್ಕೆ ಶ್ರಮ ಕೊಟ್ಟು ರಕ್ತ ಸಾಕಾಗುತ್ತಿದೆಯೇ ಎಂದು ನೋಡುವ, ಕಾಂಟ್ರಾಸ್ಟ್ ಬೇಡದ ಸ್ಟ್ರೆಸ್ ಎಕೋ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಇದೆ.

ಇವುಗಳಲ್ಲಿ ಏನಾದರೂ ನಿಮ್ಮ ಚಿತ್ರವನ್ನು ಕೆಡಿಸಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ವರದಿ ಕೈಗೆ ಬಂದೊಡನೆ ಎಲ್ಲರೂ ಕೊನೆಯ ಸಾಲಿಗೆ ಹಾರುತ್ತಾರೆ. ಮೊದಲು ನೋಡಬೇಕಾದ್ದು ಮೇಲಿನ ಭಾಗ: ಸ್ಕ್ಯಾನ್ ವೇಳೆ ನಾಡಿ ಬಡಿತ ಎಷ್ಟಿತ್ತು, ಚಿತ್ರದ ಗುಣಮಟ್ಟ ಹೇಗಿದೆ, ಯಾವುದಾದರೂ ನಾಳದ ಭಾಗವನ್ನು ಓದಲಾಗಿಲ್ಲ ಎಂದು ಬರೆದಿದೆಯೇ. ಮುಖ್ಯ ನಾಳದ ಆರಂಭದ ಭಾಗವನ್ನೇ ಓದಲಾಗದಿದ್ದರೆ ಕೆಳಗೆ "ಗಮನಾರ್ಹ ಬ್ಲಾಕ್ ಕಂಡಿಲ್ಲ" ಎಂದು ಬರೆದಿದ್ದರೂ ಅದು ಮೊದಲು ಹೇಳಿದ ಗಟ್ಟಿಯಾದ "ಇಲ್ಲ" ಅಲ್ಲ.

ಒಂದು ಉದಾಹರಣೆ

ಐವತ್ತನಾಲ್ಕು ವರ್ಷದ ಶಿಕ್ಷಕರೊಬ್ಬರನ್ನು ಕಲ್ಪಿಸಿಕೊಳ್ಳಿ. ರಕ್ತದೊತ್ತಡಕ್ಕೆ ಮಾತ್ರೆ ಇದೆ, ಸಿಗರೇಟು ಬಿಟ್ಟು ಕೆಲವು ವರ್ಷವಾಗಿದೆ, ಕೆಟ್ಟ ಕೊಲೆಸ್ಟರಾಲ್ 148. ಎರಡು ತಿಂಗಳಿಂದ ಎರಡನೇ ಮಹಡಿಯ ತರಗತಿಗೆ ಬಿರುಸಾಗಿ ಹತ್ತಿದರೆ ಎದೆಯ ನಡುವೆ ಬಿಗಿತ, ನಿಂತರೆ ಮೂರು ನಾಲ್ಕು ನಿಮಿಷದಲ್ಲಿ ಕಡಿಮೆ. ಆದರೆ ಊಟವಾದ ಮೇಲೆ ಸುಮ್ಮನೆ ಕುಳಿತಾಗಲೂ ಅಂಥದೇ ಬಿಗಿತ ಕೆಲವು ಸಲ ಬರುತ್ತದೆ. ಇಸಿಜಿ ಸರಿ, ಎಕೋ ಸರಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿ. ಹೃದಯದ್ದೂ ಇರಬಹುದು, ಹೊಟ್ಟೆಯ ಆಮ್ಲದ್ದೂ ಇರಬಹುದು. ಸಿಟಿಗೆ ಹೇಳಿಮಾಡಿಸಿದ ಪ್ರಕರಣ.

ನಾಡಿ 78 ಇದ್ದದ್ದು ಮೆಟೊಪ್ರೊಲೋಲ್ ಕೊಟ್ಟ ಮೇಲೆ 60ಕ್ಕೆ ಇಳಿಯಿತು. ಕ್ಯಾಲ್ಸಿಯಂ ಸ್ಕೋರ್ 210, ಚಿತ್ರ ಸ್ಪಷ್ಟ. ಹೃದಯದ ಮುಂಭಾಗದಲ್ಲಿ ಇಳಿಯುವ ಮುಖ್ಯ ನಾಳದ ನಡುವೆ ಶೇಕಡಾ 50ರಿಂದ 69ರ ಬ್ಲಾಕ್, ಉಳಿದ ನಾಳಗಳಲ್ಲಿ ಶೇಕಡಾ 25ಕ್ಕಿಂತ ಕಡಿಮೆ. ವರದಿಯ ಕೊನೆಯಲ್ಲಿ ಕ್ಯಾಡ್-ರ್‍ಯಾಡ್ಸ್ 3 ಎಂದಿದೆ. ಸೊನ್ನೆಯಿಂದ ಐದರವರೆಗೆ ಹೋಗುವ ಈ ಅಳತೆಯಲ್ಲಿ ಸೊನ್ನೆ ಎಂದರೆ ಪದರವೇ ಇಲ್ಲ, ಒಂದು ಎರಡು ಎಂದರೆ ಅರ್ಧಕ್ಕಿಂತ ಕಡಿಮೆ ಬ್ಲಾಕ್, ನಾಲ್ಕು ಎಂದರೆ ಎಪ್ಪತ್ತು ಅಥವಾ ಹೆಚ್ಚು, ಐದು ಎಂದರೆ ನಾಳ ಪೂರ್ತಿ ಮುಚ್ಚಿದೆ. ಮೂರು ಎನ್ನುವುದು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವ ಜಾಗ.

"ಡಾಕ್ಟರೇ, ಅಪ್ಪನಿಗೆ ಅರವತ್ತು ಪರ್ಸೆಂಟ್ ಬ್ಲಾಕ್ ಇದೆ ಅಂದರೆ ಈಗಲೇ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಹಾಕಿಬಿಡುವುದು ಒಳ್ಳೆಯದಲ್ಲವೇ?" ಎಂದು ಮಗಳು ಕೇಳುತ್ತಾಳೆ.

"ಅರವತ್ತು ಅನ್ನುವುದು ದಾರಿ ಎಷ್ಟು ಕಿರಿದಾಗಿದೆ ಅನ್ನುವ ಲೆಕ್ಕ, ತಾಯಿ. ರಕ್ತ ಕಡಿಮೆಯಾಗುತ್ತಿದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಅದನ್ನು ನೋಡೋಣ, ಆಮೇಲೆ ಸ್ಟೆಂಟ್ ವಿಚಾರ" ಎಂದು ವೈದ್ಯರು ಹೇಳಿದರೆ ಅದು ಮುಂದೂಡುವ ಮಾತಲ್ಲ. ಅರವತ್ತರ ಬ್ಲಾಕ್‌ಗಳಲ್ಲಿ ಕೆಲವು ಮಾತ್ರ ಹೃದಯದ ಸ್ನಾಯುವಿಗೆ ರಕ್ತದ ಕೊರತೆ ಮಾಡುತ್ತವೆ. ಅದನ್ನು ಅಳೆಯಲು ಸ್ಟ್ರೆಸ್ ಎಕೋ, ನ್ಯೂಕ್ಲಿಯರ್ ಸ್ಕ್ಯಾನ್ ಇವೆ. ಇಲ್ಲವೇ ಅದೇ ಸಿಟಿ ಚಿತ್ರದಿಂದ ಕಂಪ್ಯೂಟರ್ ಮೂಲಕ ಬ್ಲಾಕ್‌ನ ಆಚೆ ಈಚೆ ಒತ್ತಡ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವ ಎಫ್‌ಎಫ್‌ಆರ್-ಸಿಟಿ ಇದೆ. ಬ್ಲಾಕ್‌ನ ಆಚೆ ಒತ್ತಡ ಇಷ್ಟು ಪಾಲು ಉಳಿದಿದೆ ಎಂಬ ಸಂಖ್ಯೆ 0.80ರ ಮೇಲಿದ್ದರೆ ಆ ಬ್ಲಾಕ್ ರಕ್ತವನ್ನು ಗಮನಾರ್ಹವಾಗಿ ತಡೆಯುತ್ತಿಲ್ಲ ಎಂದು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ.

ಈ ಶಿಕ್ಷಕರಲ್ಲಿ ಅದು 0.84 ಬಂತು ಎಂದಿಟ್ಟುಕೊಳ್ಳೋಣ. ಇಲ್ಲಿಗೆ ಚಿತ್ರದ ಕೆಲಸ ಮುಗಿಯಿತು. ಕೊಲೆಸ್ಟರಾಲ್ ಇಳಿಸಲು ಸ್ಟ್ಯಾಟಿನ್ ಮಾತ್ರೆಯ ದೊಡ್ಡ ಪ್ರಮಾಣ, ಆಸ್ಪಿರಿನ್, ಬೇಕಿದ್ದರೆ ನೋವು ತಡೆಯುವ ಮಾತ್ರೆ, ರಕ್ತದೊತ್ತಡದ ಹತೋಟಿ. ಒಂದೂವರೆ ತಿಂಗಳ ನಂತರ ಕೊಲೆಸ್ಟರಾಲ್ ಮತ್ತೆ ಅಳೆದು ಮಾತ್ರೆ ಹೊಂದಿಸುತ್ತಾರೆ. ಊಟದ ನಂತರದ ಬಿಗಿತಕ್ಕೆ ಆಮ್ಲದ ಮಾತ್ರೆ ಕೊಟ್ಟು ನೋಡುತ್ತಾರೆ. ಕ್ಯಾತಿಟರ್ ಬೇಕಾಗಲಿಲ್ಲ.

ಅದೇ ವರದಿಯಲ್ಲಿ ಒಂದು ಸಾಲು ಬೇರೆಯಾಗಿದ್ದರೆ? ಎಡಭಾಗದ ನಾಳ ಎರಡಾಗಿ ಕವಲೊಡೆಯುವ ಮೊದಲಿನ ಗಿಡ್ಡ ಕಾಂಡವನ್ನು ಲೆಫ್ಟ್ ಮೇನ್ ಎನ್ನುತ್ತಾರೆ. ಹೃದಯದ ಬಹುಪಾಲು ರಕ್ತ ಹೋಗುವುದು ಅಲ್ಲಿಂದಲೇ. ಅದರಲ್ಲಿ ಶೇಕಡಾ 50 ಕಂಡರೂ, ಅಥವಾ ಮೂರೂ ನಾಳಗಳಲ್ಲಿ 70 ದಾಟಿದ್ದರೂ, ನೋವು ಎಷ್ಟೇ ಕಡಿಮೆಯಿದ್ದರೂ ಕ್ಯಾತಿಟರ್ ಆಂಜಿಯೋಗ್ರಾಮ್ ಮಾಡಿಸಲೇಬೇಕು. ಅಲ್ಲಿ ಬೈಪಾಸ್ ಅಥವಾ ಸ್ಟೆಂಟ್‌ನಿಂದ ಆಯುಷ್ಯಕ್ಕೇ ಲಾಭವಿರುವ ಸಂಭವ ಇದೆ. ಕ್ಯಾಲ್ಸಿಯಂ ಸ್ಕೋರ್ 210ರ ಬದಲು 1400 ಬಂದಿದ್ದರೆ ಸಿಟಿಯ ಶೇಕಡಾವಾರು ಲೆಕ್ಕವನ್ನೇ ನಂಬದೆ ಸ್ಟ್ರೆಸ್ ಪರೀಕ್ಷೆಗೆ ಅಥವಾ ನೇರ ಕ್ಯಾಥ್ ಲ್ಯಾಬ್‌ಗೆ ಹೋಗಬೇಕಾಗುತ್ತಿತ್ತು. ಎಫ್‌ಎಫ್‌ಆರ್ 0.72 ಬಂದು, ಮಾತ್ರೆ ತೆಗೆದುಕೊಂಡರೂ ಮೆಟ್ಟಿಲು ಹತ್ತಲು ಆಗದಿದ್ದರೆ ಆಗಲೂ ಕ್ಯಾತಿಟರ್ ಸರಿ, ನೋವು ಕಡಿಮೆ ಮಾಡುವುದಕ್ಕೆ.

"ನೋವು ಕಡಿಮೆ ಮಾಡುವುದಕ್ಕೆ" ಎಂದದ್ದು ಬೇಕೆಂದೇ. 5179 ಮಂದಿ ಭಾಗವಹಿಸಿದ, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ, ಸ್ಥಿರವಾದ ಕಾಯಿಲೆ ಇದ್ದು ಸ್ಟ್ರೆಸ್ ಪರೀಕ್ಷೆಯಲ್ಲಿ ರಕ್ತದ ಕೊರತೆ ಸಾಕಷ್ಟು ಕಂಡವರಿಗೂ ಮೊದಲೇ ಕ್ಯಾತಿಟರ್ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಒಟ್ಟಾರೆ ಹೃದಯಾಘಾತವೂ ಕಡಿಮೆಯಾಗಲಿಲ್ಲ. ಎದೆನೋವು ಹೆಚ್ಚಿದ್ದವರಿಗೆ ಆರಾಮ ಸಿಕ್ಕಿತು. ಗಮನಿಸಬೇಕಾದ ಸಂಗತಿ ಎಂದರೆ, ಆ ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮೊದಲು ಹೆಚ್ಚಿನವರಿಗೆ ಸಿಟಿ ಮಾಡಿ ಲೆಫ್ಟ್ ಮೇನ್ ಬ್ಲಾಕ್ ಇದ್ದವರನ್ನು ಹೊರಗಿಟ್ಟಿದ್ದರು. ಲೆಫ್ಟ್ ಮೇನ್ ಸರಿಯಿದೆ ಎಂದು ಸಿಟಿ ಹೇಳಿದ ಮೇಲೆ ಉಳಿದ ವಿಷಯದಲ್ಲಿ ಅವಸರ ಬೇಡ ಎಂಬ ಧೈರ್ಯಕ್ಕೆ ಇದೇ ಆಧಾರ.

ಕ್ಯಾತಿಟರ್ ಪರೀಕ್ಷೆಗೆ ಒಪ್ಪಿಗೆ ಪತ್ರ ಕೊಡುವಾಗ ಒಂದು ಸಾಲನ್ನು ಓದಿ. ಬಹಳ ಕಡೆ "ಆಂಜಿಯೋಗ್ರಾಮ್, ಅಗತ್ಯವಿದ್ದರೆ ಆಂಜಿಯೋಪ್ಲಾಸ್ಟಿ" ಎಂದು ಎರಡಕ್ಕೂ ಒಟ್ಟಿಗೆ ಸಹಿ ಪಡೆಯುತ್ತಾರೆ. ಹೃದಯಾಘಾತದಲ್ಲಿ ಅದು ಸರಿ. ಸ್ಥಿರವಾದ ಎದೆನೋವಿನಲ್ಲಿ, ಕೈಯಲ್ಲಿ ಕೊಳವೆ ಇರುವಾಗ, ಹೊರಗೆ ಕಾಯುತ್ತಿರುವ ಮನೆಯವರಿಗೆ ಪರದೆಯ ಮೇಲಿನ ಬ್ಲಾಕ್ ತೋರಿಸಿ ಐದು ನಿಮಿಷದಲ್ಲಿ ಉತ್ತರ ಕೇಳುವುದು ಸರಿಯಲ್ಲ. ಯಾವ ಬಗೆಯ ಬ್ಲಾಕ್ ಕಂಡರೆ ಮುಂದುವರಿಯಬಹುದು, ಯಾವುದಕ್ಕೆ ನಿಲ್ಲಿಸಿ ಮಾತನಾಡಬೇಕು, ಮಧ್ಯಮ ಬ್ಲಾಕ್ ಇದ್ದರೆ ಒತ್ತಡ ಅಳೆಯುವ ತಂತಿ ಬಳಸುತ್ತಾರೆಯೇ ಎಂಬುದನ್ನು ಹಿಂದಿನ ದಿನವೇ ಕೇಳಿ ಇತ್ಯರ್ಥ ಮಾಡಿಕೊಳ್ಳುವುದು ವಾಸಿ.

ಚಿತ್ರ ಸರಿ, ನೋವು ಮಾತ್ರ ಹೋಗಿಲ್ಲ

ಇದು ಹೆಂಗಸರಲ್ಲಿ ಹೆಚ್ಚು. ಸಿಟಿಯಲ್ಲಿ ನಾಳಗಳು ಸ್ವಚ್ಛ, ಆದರೂ ನಡೆದಾಗ ಎದೆ ಹಿಡಿದುಕೊಳ್ಳುತ್ತದೆ. "ನಿಮಗೇನೂ ಇಲ್ಲ, ಟೆನ್ಷನ್ ಅಷ್ಟೇ" ಎಂದು ಕಳುಹಿಸಿಬಿಡುವುದು ಇಲ್ಲಿ ಆಗುವ ಸಾಮಾನ್ಯ ಅನ್ಯಾಯ. ಸಿಟಿಗೆ ಮತ್ತು ಮಾಮೂಲಿ ಕ್ಯಾತಿಟರ್ ಚಿತ್ರಕ್ಕೆ ಕಾಣುವುದು ಹೃದಯದ ಮೇಲ್ಮೈಯಲ್ಲಿ ಓಡುವ ದೊಡ್ಡ ನಾಳಗಳು ಮಾತ್ರ. ಸ್ನಾಯುವಿನೊಳಗೆ ಇಳಿಯುವ, ಅರ್ಧ ಮಿಲಿಮೀಟರ್‌ಗಿಂತ ಸಣ್ಣ ನಾಳಗಳು ಬೇಕಾದಾಗ ಹಿಗ್ಗದಿದ್ದರೆ, ಅಥವಾ ದೊಡ್ಡ ನಾಳವೇ ಆಗಾಗ ಸೆಟೆದುಕೊಂಡರೆ, ಎರಡು ಚಿತ್ರವೂ ಸರಿಯಾಗಿಯೇ ಬರುತ್ತವೆ.

ಹಾಗಿದ್ದಾಗ ಇನ್ನೊಂದು ಮಾಮೂಲಿ ಆಂಜಿಯೋಗ್ರಾಮ್ ಮಾಡಿಸುವುದರಿಂದ ಏನೂ ಸಿಗುವುದಿಲ್ಲ, ಸಿಟಿ ಹೇಳಿದ್ದನ್ನೇ ಅದೂ ಹೇಳುತ್ತದೆ. ಕ್ಯಾತಿಟರ್‌ನಿಂದ ಉಪಯೋಗವಾಗಬೇಕಾದರೆ ನಾಳದೊಳಗೆ ತಂತಿ ಹಾಕಿ ರಕ್ತ ಹರಿಯುವ ಬಗೆಯನ್ನು ಅಳೆಯಬೇಕು, ಅಸಿಟೈಲ್‌ಕೋಲಿನ್ ಎಂಬ ಔಷಧ ಬಿಟ್ಟು ನಾಳ ಸೆಟೆದುಕೊಳ್ಳುತ್ತದೆಯೇ ಎಂದು ನೋಡಬೇಕು. ಎಲ್ಲ ಕಡೆ ಇದು ಸಿಗುವುದಿಲ್ಲ. ಸಿಗದ ಕಡೆ, ರೋಗಿಯ ಮಾತನ್ನು ನಂಬಿ ಸೆಟೆತಕ್ಕೆ ಡಿಲ್ಟಿಯಾಜೆಮ್‌ನಂತಹ ಕ್ಯಾಲ್ಸಿಯಂ ಚಾನೆಲ್ ತಡೆಯುವ ಮಾತ್ರೆ, ಸಣ್ಣ ನಾಳದ ತೊಂದರೆ ಇರಬಹುದು ಎನಿಸಿದರೆ ಮೆಟೊಪ್ರೊಲೋಲ್‌ನಂತಹ ಬೀಟಾ ಬ್ಲಾಕರ್ ಕೊಟ್ಟು, ಕೆಲವು ವಾರ ನೋವಿನ ದಿನಚರಿ ಬರೆಸಿ, ಯಾವುದಕ್ಕೆ ಬಗ್ಗುತ್ತದೆ ಎಂದು ನೋಡುವ ವೈದ್ಯರಿದ್ದಾರೆ.